ತಾಯಿಯ ತವರುಮನೆ ಹೆಸರು ಗುಟ್ಟಲ್ಲ

ಪಾಸ್‌ವರ್ಡ್ ಮರೆತಾಗ ಕೆಲವು ಜಾಲತಾಣಗಳು ತಾಯಿಯ ತವರುಮನೆ ಹೆಸರು, ಓದಿದ ಶಾಲೆ, ಹುಟ್ಟೂರು ಕೇಳುತ್ತವೆ. ಉತ್ತರ ಸರಿಯಿದ್ದರೆ ಹೊಸ ಪಾಸ್‌ವರ್ಡ್ ಇಡಬಹುದು. ಅಂದರೆ ಎಷ್ಟೇ ಗಟ್ಟಿ ಪಾಸ್‌ವರ್ಡ್ ಇದ್ದರೂ ಈ ಒಂದು ಉತ್ತರ ಅದನ್ನು ಬದಿಗೆ ಸರಿಸುತ್ತದೆ.

2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಹುದ್ದೆಯ ಅಭ್ಯರ್ಥಿ ಸಾರಾ ಪೇಲಿನ್ ಅವರ ಯಾಹೂ ಖಾತೆ ಹೀಗೆಯೇ ಪರರ ಪಾಲಾಯಿತು. ಒಬ್ಬ ಕಾಲೇಜು ವಿದ್ಯಾರ್ಥಿ ಅವರ ಜನ್ಮದಿನಾಂಕ ಮತ್ತು ಅಂಚೆ ಸಂಖ್ಯೆಯನ್ನು ಅಂತರ್ಜಾಲದಲ್ಲೇ ಹುಡುಕಿಕೊಂಡ. ಪತಿಯನ್ನು ಮೊದಲು ಭೇಟಿಯಾದದ್ದೆಲ್ಲಿ ಎಂಬುದು ಉಳಿದ ಪ್ರಶ್ನೆ. ವಸಿಲಾ ಹೈಸ್ಕೂಲ್ ಎಂಬ ಉತ್ತರವೂ ಸಿಕ್ಕಿತು. ಅಲ್ಲಿ ಯಾವ ತಾಂತ್ರಿಕ ಚಳಕವೂ ಬೇಕಾಗಲಿಲ್ಲ.

ತಾಯಿಯ ತವರಿನ ಹೆಸರೂ ಅಷ್ಟೇ. ಸೋದರಮಾವನ ಫೇಸ್‌ಬುಕ್ ಪುಟ, ಮದುವೆಯ ಕರೆಯೋಲೆ ಅದನ್ನು ಹೇಳಿಬಿಡುತ್ತವೆ. ಒಮ್ಮೆ ಸೋರಿದರೆ ಪಾಸ್‌ವರ್ಡಿನಂತೆ ಬದಲಿಸಲೂ ಆಗದು, ಇದೇ ದೊಡ್ಡ ತೊಂದರೆ.

ಇಂಥ ಪ್ರಶ್ನೆಗಳಿಗಿಂತ ಬ್ಯಾಕಪ್ ಕೋಡ್ ಮೇಲು. ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಹಾಕಿಕೊಂಡರೆ ಎಂಟು ಅಂಕಿಗಳ ಹತ್ತು ಕೋಡ್ ಪಡೆಯಬಹುದು. ಪ್ರತಿಯೊಂದೂ ಒಂದೇ ಸಲ ನಡೆಯುತ್ತದೆ. ಮುದ್ರಿಸಿ, ಫೋನಿನಿಂದ ದೂರ, ಮನೆಯ ದಾಖಲೆಪತ್ರಗಳ ಜೊತೆ ಇಡಬೇಕು. ಪಾಸ್‌ಕೀಯನ್ನು ಎರಡು ಸಾಧನಗಳಲ್ಲಿ ಇಟ್ಟುಕೊಂಡರೆ ಒಂದು ಕಳೆದರೂ ಖಾತೆ ಕೈತಪ್ಪದು. ಎಸ್‌ಎಂಎಸ್ ಓಟಿಪಿ ಪ್ರಶ್ನೆಗಿಂತ ವಾಸಿ, ಆದರೆ ವಂಚಕರು ಅದೇ ನಂಬರಿಗೆ ಬೇರೆ ಸಿಮ್ ಪಡೆದರೆ ಓಟಿಪಿ ಅವರಿಗೇ ಹೋಗುತ್ತದೆ.

ತಾಣ ಪ್ರಶ್ನೆಯನ್ನೇ ಕಡ್ಡಾಯ ಮಾಡಿದರೆ ನಿಜ ಉತ್ತರ ಕೊಡಬೇಕಿಲ್ಲ. ತವರುಮನೆ ಹೆಸರಿನ ಜಾಗದಲ್ಲಿ `k7mz-tavare-49q` ಎಂದು ಬರೆದು, ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಉಳಿಸಿಕೊಳ್ಳಬಹುದು. ಪ್ರತಿ ತಾಣಕ್ಕೂ ಬೇರೆ ಉತ್ತರವಿರಬೇಕು.