ಅಂತಿಮ ಹಂತದ ಹೃದಯ ವೈಫಲ್ಯ: ಹೃದಯ ಸಹಾಯಕ ಪಂಪ್ ಮತ್ತು ಹೃದಯ ಕಸಿ

ಹೃದಯ ವೈಫಲ್ಯ ಎಂದರೆ ಹೃದಯ ನಿಂತುಹೋಗುವುದು ಎಂದರ್ಥವಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪ್ ಮಾಡುವ ಶಕ್ತಿಯನ್ನು ಹೃದಯವು ಕಳೆದುಕೊಂಡಿರುವ ಸ್ಥಿತಿಯನ್ನು ಹೀಗೆ ಕರೆಯಲಾಗುತ್ತದೆ. ಬಹುಪಾಲು ರೋಗಿಗಳಲ್ಲಿ ಮಾತ್ರೆಗಳಿಂದಲೇ ರೋಗವು ಹತೋಟಿಯಲ್ಲಿರುತ್ತದೆ. ಮಾತ್ರೆಗಳನ್ನು ಪೂರ್ಣ ಪ್ರಮಾಣದಲ್ಲಿ ಸೇವಿಸುತ್ತಿದ್ದರೂ ಸ್ನಾನ ಮಾಡುವಾಗ, ಬಟ್ಟೆ ಹಾಕಿಕೊಳ್ಳುವಾಗ ಏದುಸಿರು ಬರುವುದು, ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಬಾರಿ ಆಸ್ಪತ್ರೆಗೆ ದಾಖಲಾಗಬೇಕಾಗುವುದು, ರಕ್ತದೊತ್ತಡ ತೀರಾ ಕಡಿಮೆಯಾಗಿ ಮಾತ್ರೆಗಳನ್ನೇ ಇಳಿಸಬೇಕಾಗಿ ಬರುವುದು ಅಂತಿಮ ಹಂತದ ಲಕ್ಷಣಗಳಾಗಿವೆ. ಈ ಹಂತದಲ್ಲಿ ಉಳಿಯುವ ಪ್ರಮುಖ ಚಿಕಿತ್ಸೆಗಳು ಎರಡು: ಹೃದಯ ಕಸಿ ಮತ್ತು ಹೃದಯ ಸಹಾಯಕ ಪಂಪ್. ಇವೆರಡರಲ್ಲಿ ಯಾವುದು ಯಾರಿಗೆ ಸಲ್ಲುತ್ತದೆ ಎಂಬುದನ್ನು ನಿರ್ಧರಿಸುವ ಕ್ರಮವು ಸಾರ್ವಜನಿಕರಿಗೆ ಅಷ್ಟಾಗಿ ತಿಳಿದಿಲ್ಲ.

ಭಾರತದಲ್ಲಿ ಮೊದಲ ಯಶಸ್ವಿ ಹೃದಯ ಕಸಿಯು 1994ರ ಆಗಸ್ಟ್ 3ರಂದು ನವದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಡಾ. ಪಿ. ವೇಣುಗೋಪಾಲ್ ಅವರ ನೇತೃತ್ವದಲ್ಲಿ ನಡೆಯಿತು. ಮಾನವ ಅಂಗಾಂಗಗಳ ಕಸಿ ಕಾಯ್ದೆಯು ಅಂಗೀಕಾರಗೊಂಡದ್ದೂ ಅದೇ ವರ್ಷ. ಕರ್ನಾಟಕದಲ್ಲಿ ಈ ಚಿಕಿತ್ಸೆಯು ಬಹುಕಾಲ ಬೆಂಗಳೂರಿಗೇ ಸೀಮಿತವಾಗಿತ್ತು. ಉತ್ತರ ಕರ್ನಾಟಕದಲ್ಲಿ 2018ರಲ್ಲಿ ಬೆಳಗಾವಿಯ ಕೆ.ಎಲ್.ಇ. ಡಾ. ಪ್ರಭಾಕರ ಕೋರೆ ಆಸ್ಪತ್ರೆಯಲ್ಲಿ ಹೃದಯ ಕಸಿ ಆರಂಭವಾಯಿತು. 2022ರಲ್ಲಿ ಧಾರವಾಡದ ಎಸ್.ಡಿ.ಎಂ. ಆಸ್ಪತ್ರೆಯಲ್ಲಿ ದಾನವಾಗಿ ದೊರೆತ ಹೃದಯವನ್ನು ಪೊಲೀಸರು ತೆರವುಗೊಳಿಸಿದ ಹೆದ್ದಾರಿಯಲ್ಲಿ ಆಂಬುಲೆನ್ಸ್ ಮೂಲಕ ಬೆಳಗಾವಿಗೆ ಸಾಗಿಸಿ ಕಸಿ ಮಾಡಲಾಯಿತು. ಗದಗ ಜಿಲ್ಲೆಯ ರೋಗಿಗಳಿಗೆ ಈ ಸಂಗತಿ ಮುಖ್ಯವಾದುದು. ದಾನಿಯ ದೇಹದಿಂದ ಹೊರತೆಗೆದು ಮಂಜುಗಡ್ಡೆಯಲ್ಲಿಟ್ಟ ಹೃದಯವು ಸುಮಾರು ನಾಲ್ಕು ಗಂಟೆಯೊಳಗೆ ಹೊಸ ದೇಹದಲ್ಲಿ ಮತ್ತೆ ಬಡಿಯತೊಡಗಬೇಕು. ಮೂತ್ರಪಿಂಡವು ಇದಕ್ಕಿಂತ ಹೆಚ್ಚು ಕಾಲ ತಾಳಿಕೊಳ್ಳುತ್ತದೆ, ಹೃದಯ ತಾಳುವುದಿಲ್ಲ.

ಅರ್ಹತೆಯ ನಿರ್ಧಾರ

ಅರ್ಹತೆ ಹೇಗೆ ನಿರ್ಧಾರವಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ವಿವರಿಸಬಹುದು. ಗದಗ ತಾಲೂಕಿನ ಅಂತೂರ ಬೆಂತೂರ ಗ್ರಾಮದಲ್ಲಿ ಎರೆ ಹೊಲದಲ್ಲಿ ಹೆಸರು, ಕಡಲೆ ಬೆಳೆಯುವ 46 ವರ್ಷದ ರೈತರೊಬ್ಬರಿಗೆ ಹೃದಯದ ಸ್ನಾಯು ಸಡಿಲಗೊಂಡು ಹೃದಯವು ಹಿಗ್ಗುವ ಕಾಯಿಲೆ ಇದೆ ಎಂದು ಭಾವಿಸೋಣ. ಎಕೋ ಪರೀಕ್ಷೆಯ ಪ್ರಕಾರ ಅವರ ಹೃದಯದ ಎಡ ಕೋಣೆಯು ಪ್ರತಿ ಬಡಿತದಲ್ಲಿ ತನ್ನೊಳಗಿನ ರಕ್ತದ ಶೇ. 18ರಷ್ಟನ್ನು ಮಾತ್ರ ಹೊರದೂಡುತ್ತಿದೆ. ಆರೋಗ್ಯವಂತರಲ್ಲಿ ಇದು ಶೇ. 55ಕ್ಕಿಂತ ಹೆಚ್ಚಿರುತ್ತದೆ. ಆರು ನಿಮಿಷಗಳ ನಡಿಗೆಯ ಪರೀಕ್ಷೆಯಲ್ಲಿ ಅವರು 210 ಮೀಟರ್ ನಡೆದು ನಿಂತರು. ಮುನ್ನೂರು ಮೀಟರ್ ತಲುಪದವರನ್ನು ಕಸಿ ಕೇಂದ್ರಕ್ಕೆ ಕಳುಹಿಸಲು ತಡಮಾಡಬಾರದು. ಈ ವಿಷಯದಲ್ಲಿ ತಡವಾಗುವುದೇ ಹೆಚ್ಚು. ಮೂತ್ರಪಿಂಡ ಮತ್ತು ಯಕೃತ್ತು ಹಾಳಾದ ಮೇಲೆ ಕೇಂದ್ರಕ್ಕೆ ಬಂದ ರೋಗಿಗೆ ಎರಡೂ ಚಿಕಿತ್ಸೆಗಳು ಕೈತಪ್ಪುವ ಸಂಭವವಿರುತ್ತದೆ.

ಕೇಂದ್ರದಲ್ಲಿ ಮೊದಲು ಕಸಿಗೆ ಅಡ್ಡಿಯಾಗುವ ಸಂಗತಿಗಳನ್ನು ನೋಡಲಾಗುತ್ತದೆ. ಸಕ್ರಿಯ ಕ್ಯಾನ್ಸರ್, ಗುಣವಾಗದ ಸೋಂಕು, ಮಧುಮೇಹದಿಂದ ಇತರ ಅಂಗಗಳಿಗೆ ಆಗಿರುವ ತೀವ್ರ ಹಾನಿ ಹಾಗೂ ಬಹಳ ಹೆಚ್ಚಿನ ವಯಸ್ಸು ಇವುಗಳಲ್ಲಿ ಸೇರಿವೆ. ಗುಟ್ಕಾ, ಬೀಡಿ ಮತ್ತು ಮದ್ಯವನ್ನು ಬಿಟ್ಟು ಸಾಮಾನ್ಯವಾಗಿ ಆರು ತಿಂಗಳಾದರೂ ಆಗಿರಬೇಕೆಂದು ಕೇಂದ್ರಗಳು ಕೇಳುತ್ತವೆ. ಮನೆಯಲ್ಲಿ ಜೊತೆಗಿದ್ದು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನೂ ಕೇಳಲಾಗುತ್ತದೆ. ಉತ್ತರವಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ಯಶಸ್ಸೂ ಉಳಿಯುವುದಿಲ್ಲವಾದ್ದರಿಂದ ಇದು ಔಪಚಾರಿಕ ಪ್ರಶ್ನೆಯಲ್ಲ.

ಇದಾದ ಮೇಲೆ ನಡೆಯುವ ಪರೀಕ್ಷೆಯೇ ನಿರ್ಣಾಯಕವಾದುದು. ಕುತ್ತಿಗೆಯ ರಕ್ತನಾಳದ ಮೂಲಕ ತೆಳುವಾದ ನಳಿಕೆಯನ್ನು ಹೃದಯದ ಬಲಭಾಗಕ್ಕೂ ಅಲ್ಲಿಂದ ಶ್ವಾಸಕೋಶದ ರಕ್ತನಾಳಕ್ಕೂ ತೂರಿಸಿ ಅಲ್ಲಿನ ಒತ್ತಡವನ್ನು ಅಳೆಯಲಾಗುತ್ತದೆ. ಎಡ ಹೃದಯವು ವರ್ಷಗಟ್ಟಲೆ ದುರ್ಬಲವಾಗಿದ್ದಾಗ ರಕ್ತವು ಹಿಂದಕ್ಕೆ ಒತ್ತರಿಸಿ ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗುತ್ತವೆ. ರೋಗಿಯ ಸ್ವಂತ ಬಲ ಹೃದಯವು ಈ ಬಿಗಿತಕ್ಕೆ ನಿಧಾನವಾಗಿ ಒಗ್ಗಿಕೊಂಡಿರುತ್ತದೆ. ದಾನಿಯ ಹೃದಯಕ್ಕೆ ಆ ಅಭ್ಯಾಸವಿರುವುದಿಲ್ಲ. ಎದೆಯಲ್ಲಿ ಜೋಡಿಸಿದ ಕೆಲವೇ ಗಂಟೆಗಳಲ್ಲಿ ಅದರ ಬಲ ಕೋಣೆಯು ಸೋತುಹೋಗಬಹುದು. ಆದ್ದರಿಂದ ಈ ಪ್ರತಿರೋಧವು ಸುಮಾರು 3 ವುಡ್ ಮಾನಕ್ಕಿಂತ ಹೆಚ್ಚಿದ್ದು ಔಷಧಿಯಿಂದಲೂ ಇಳಿಯದಿದ್ದರೆ ಕಸಿ ಮಾಡಲು ವೈದ್ಯರು ಹಿಂಜರಿಯುತ್ತಾರೆ.

ಉದಾಹರಣೆಯ ರೈತರಲ್ಲಿ ಶ್ವಾಸಕೋಶದ ರಕ್ತನಾಳದ ಸರಾಸರಿ ಒತ್ತಡ 42, ಎಡ ಹೃದಯದ ಕಡೆಯ ಒತ್ತಡ 24, ನಿಮಿಷಕ್ಕೆ ಹರಿಯುವ ರಕ್ತ 3 ಲೀಟರ್. ಎರಡು ಒತ್ತಡಗಳ ಅಂತರವಾದ 18ನ್ನು 3ರಿಂದ ಭಾಗಿಸಿದರೆ ಪ್ರತಿರೋಧವು 6 ಮಾನ. ರಕ್ತನಾಳ ಸಡಿಲಿಸುವ ಔಷಧಿಯನ್ನು ಕೊಟ್ಟು ಮತ್ತೆ ಅಳೆದಾಗಲೂ ಅದು 5ಕ್ಕೆ ಇಳಿಯಿತೇ ಹೊರತು ಅದಕ್ಕಿಂತ ಕೆಳಗೆ ಬರಲಿಲ್ಲ. ಅಂದರೆ ಇವರ ರೋಗವು ಕಸಿಯನ್ನು ಬೇಡುತ್ತಿದೆ, ಇವರ ಶ್ವಾಸಕೋಶವು ಕಸಿಯನ್ನು ತಡೆಯುತ್ತಿದೆ. ಈ ಬಿಕ್ಕಟ್ಟಿನಲ್ಲಿಯೇ ಪಂಪ್ ಉಪಯೋಗಕ್ಕೆ ಬರುತ್ತದೆ.

ಪಂಪ್ ಮಾಡುವ ಕೆಲಸ

ಹೃದಯ ಸಹಾಯಕ ಪಂಪ್ ಕೃತಕ ಹೃದಯವಲ್ಲ, ರೋಗಿಯ ಹೃದಯವನ್ನು ತೆಗೆದುಹಾಕಲಾಗುವುದಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟಿರುವ ಲೋಹದ ಪಂಪನ್ನು ಎಡ ಕೋಣೆಯ ತುದಿಗೆ ಜೋಡಿಸಲಾಗುತ್ತದೆ. ಅದು ಅಲ್ಲಿಂದ ರಕ್ತವನ್ನು ಸೆಳೆದು ಕೊಳವೆಯೊಂದರ ಮೂಲಕ ಮಹಾಪಧಮನಿಗೆ ಸೇರಿಸುತ್ತದೆ. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ 2008ರಲ್ಲಿಯೇ ಇಂತಹ ಪಂಪನ್ನು ಅಳವಡಿಸಲಾಗಿತ್ತು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಹಾರ್ಟ್‌ಮೇಟ್ 3 ಎಂಬ ಪಂಪಿನಲ್ಲಿ ತಿರುಗುವ ಚಕ್ರವು ಅಯಸ್ಕಾಂತ ಬಲದಿಂದ ತೇಲುತ್ತಾ ಯಾವುದಕ್ಕೂ ತಾಗದೆ ನಿಮಿಷಕ್ಕೆ ಐದಾರು ಸಾವಿರ ಸುತ್ತು ತಿರುಗುತ್ತದೆ. ಎಡ ಹೃದಯದ ಭಾರ ಇಳಿದಾಗ ಶ್ವಾಸಕೋಶದ ರಕ್ತನಾಳಗಳ ಬಿಗಿತವೂ ತಿಂಗಳುಗಳ ಅವಧಿಯಲ್ಲಿ ಇಳಿಯುತ್ತದೆ. ಉದಾಹರಣೆಯ ರೈತರಲ್ಲಿ ಆರು ತಿಂಗಳ ನಂತರ ಸರಾಸರಿ ಒತ್ತಡ 24, ಎಡಗಡೆಯ ಒತ್ತಡ 11, ಹರಿವು 5 ಲೀಟರ್ ಆಗಿ ಪ್ರತಿರೋಧವು 2.6ಕ್ಕೆ ಬಂದಿತೆಂದು ಭಾವಿಸಿದರೆ, ಅವರ ಹೆಸರನ್ನು ಈಗ ಕಸಿಯ ಪಟ್ಟಿಗೆ ಸೇರಿಸಬಹುದು.

ಪಂಪಿಗೂ ಮಿತಿಗಳಿವೆ. ಅದು ಎಡ ಕೋಣೆಗೆ ಮಾತ್ರ ನೆರವಾಗುತ್ತದೆ. ಬಲ ಕೋಣೆಯೂ ಸೋತಿದ್ದರೆ ಪಂಪಿಗೆ ರಕ್ತವೇ ತಲುಪುವುದಿಲ್ಲ. ಅಂಥವರಲ್ಲಿ ಕಾಲು ಊದಿ, ಹೊಟ್ಟೆಯಲ್ಲಿ ನೀರು ತುಂಬಿ, ಶಸ್ತ್ರಚಿಕಿತ್ಸೆಯು ವ್ಯರ್ಥವಾಗುವ ಸಂಭವವಿದೆ. ಇನ್ನೊಂದು ಮಿತಿ ಹಣದ್ದು. ಆಮದಾಗುವ ಪಂಪಿನ ಬೆಲೆಯೊಂದೇ ಹಲವು ಲಕ್ಷ ರೂಪಾಯಿಗಳಾಗಿದ್ದು, ಕಸಿ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಬಹಳವಾಗಿ ಮೀರುತ್ತದೆ. ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ಹೃದಯ ಕಸಿಗಾಗಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ನೆರವು ನೀಡುವ ಯೋಜನೆಯನ್ನು ರಾಜ್ಯ ಸರ್ಕಾರವು ರೂಪಿಸಿದೆ. ಪಂಪಿನ ಖರ್ಚಿನ ಬಗ್ಗೆ ಮಾತ್ರ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನವೇ ಆಸ್ಪತ್ರೆಯಿಂದ ಲಿಖಿತ ಅಂದಾಜು ಪಡೆಯುವುದು ಸೂಕ್ತ.

ಪಂಪಿನೊಂದಿಗೆ ಹಳ್ಳಿಯ ಬದುಕು

ಪಂಪಿನಿಂದ ಹೊರಟ ಒಂದು ಕೇಬಲ್ ಹೊಟ್ಟೆಯ ಚರ್ಮವನ್ನು ದಾಟಿ ಸೊಂಟದಲ್ಲಿರುವ ನಿಯಂತ್ರಕ ಪೆಟ್ಟಿಗೆಗೆ ಸೇರುತ್ತದೆ. ಪೆಟ್ಟಿಗೆಗೆ ಎರಡು ಬ್ಯಾಟರಿಗಳು. ಎರಡೂ ಪೂರ್ತಿ ಚಾರ್ಜ್ ಆಗಿದ್ದರೆ ಹೊಸದರಲ್ಲಿ ಸುಮಾರು 17 ಗಂಟೆಯವರೆಗೆ ಸಾಕಾಗುತ್ತವೆ. ಬದಲಾಯಿಸುವಾಗ ಒಂದನ್ನು ಜೋಡಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಬೇಕು, ಎರಡನ್ನೂ ಒಟ್ಟಿಗೆ ಬಿಚ್ಚುವಂತಿಲ್ಲ. ಮಲಗುವಾಗ ಮನೆಯ ವಿದ್ಯುತ್ತಿಗೆ ಜೋಡಿಸಬೇಕಾಗುವುದರಿಂದ ಸರಿಯಾದ ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ ಅವಶ್ಯ. ಹಳೆಯ ಮಣ್ಣಿನ ಮನೆಗಳಲ್ಲಿ ರೋಗಿಯು ಮರಳುವ ಮುನ್ನ ವೈರಿಂಗ್ ಪರೀಕ್ಷಿಸಿ, ಚಾರ್ಜರಿಗಾಗಿ ಇನ್ವರ್ಟರ್ ವ್ಯವಸ್ಥೆ ಮಾಡಿಕೊಳ್ಳಬೇಕಾಗುತ್ತದೆ. ಮನೆಯಲ್ಲಿ ಇಂತಹ ರೋಗಿ ಇರುವ ಸಂಗತಿಯನ್ನು ಹೆಸ್ಕಾಂ ಶಾಖಾ ಕಚೇರಿಗೆ ಲಿಖಿತವಾಗಿ ತಿಳಿಸಿದ್ದರೆ ವಿದ್ಯುತ್ ನಿಲುಗಡೆಯ ಮುನ್ಸೂಚನೆ ಕೇಳಲು ಅನುಕೂಲ.

ಕೇಬಲ್ ಹೊರಬರುವ ಜಾಗವೇ ಸೋಂಕಿನ ಬಾಗಿಲು. ಅಲ್ಲಿ ಕೆಂಪಾಗುವುದು, ಕೀವು, ನೋವು ಕಂಡರೆ ಅದೇ ದಿನ ಕೇಂದ್ರಕ್ಕೆ ತಿಳಿಸಬೇಕು. ಕೆರೆ, ಬಾವಿ, ಕಾಲುವೆಗಳಲ್ಲಿ ಇಳಿಯುವಂತಿಲ್ಲ. ಪಂಪಿನೊಳಗೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನಿತ್ಯ ಬೇಕು. ರಕ್ತ ಪರೀಕ್ಷೆಯ ಐ.ಎನ್.ಆರ್. ಅಂಕಿಯು ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಕಡಿಮೆಯಾದರೆ ಪಾರ್ಶ್ವವಾಯುವಿನ ಭಯ, ಹೆಚ್ಚಾದರೆ ಕರುಳಿನಲ್ಲಿ ರಕ್ತಸ್ರಾವ. ಮಲವು ಡಾಂಬರಿನಂತೆ ಕಪ್ಪಾದರೆ ರಕ್ತಸ್ರಾವವನ್ನೂ, ಮೂತ್ರವು ಚಹಾದ ಬಣ್ಣಕ್ಕೆ ತಿರುಗಿದರೆ ಪಂಪಿನಲ್ಲಿ ಹೆಪ್ಪನ್ನೂ ಶಂಕಿಸಬೇಕು.

ಗ್ರಾಮದ ಆರೋಗ್ಯ ಸಿಬ್ಬಂದಿಯನ್ನು ಗಾಬರಿಗೊಳಿಸುವ ವಿಷಯವೊಂದಿದೆ. ಪಂಪ್ ರಕ್ತವನ್ನು ಎಡೆಬಿಡದೆ ಹರಿಸುವುದರಿಂದ ಈ ರೋಗಿಗಳ ಮಣಿಕಟ್ಟಿನಲ್ಲಿ ನಾಡಿ ಹಲವು ಬಾರಿ ಸಿಗುವುದಿಲ್ಲ, ಸಾಮಾನ್ಯ ಯಂತ್ರವು ರಕ್ತದೊತ್ತಡವನ್ನು ತೋರಿಸದಿರಬಹುದು. ನಾಡಿ ಸಿಗಲಿಲ್ಲವೆಂದ ಮಾತ್ರಕ್ಕೆ ರೋಗಿ ಮೃತಪಟ್ಟಿದ್ದಾರೆಂದು ಭಾವಿಸಬಾರದು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಪಂಪಿನ ಗುಂಯ್‌ಗುಡುವ ಸದ್ದನ್ನು ಆಲಿಸಿ, ಬ್ಯಾಟರಿ ಮತ್ತು ಕೇಬಲ್ ಜೋಡಣೆಯನ್ನು ನೋಡಬೇಕು. ಮನೆಯವರು ಈ ಮಾಹಿತಿಯನ್ನು ಬರೆದ ಚೀಟಿಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲೇ ಕೊಟ್ಟಿರುವುದು ಉತ್ತಮ.

ಕಸಿ ಮತ್ತು ಅದರ ನಂತರ

ಪಟ್ಟಿಗೆ ಸೇರಿದವರಿಗೆ ಅಂಗಾಂಗ ಹಂಚಿಕೆಯನ್ನು ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆಯು ನಿರ್ವಹಿಸುತ್ತದೆ. ಮಿದುಳು ನಿಷ್ಕ್ರಿಯಗೊಂಡಿದೆ ಎಂಬುದನ್ನು ವೈದ್ಯರ ಮಂಡಳಿಯು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಿದ ಮೇಲೆ, ಕುಟುಂಬದವರ ಒಪ್ಪಿಗೆಯಿಂದ ಮಾತ್ರ ಅಂಗಗಳನ್ನು ಪಡೆಯಲಾಗುತ್ತದೆ. ರಕ್ತದ ಗುಂಪು ಹೊಂದಬೇಕು, ದಾನಿ ಮತ್ತು ರೋಗಿಯ ದೇಹದ ಗಾತ್ರವೂ ಹೊಂದಬೇಕು. ಕರೆ ಯಾವ ಹೊತ್ತಿನಲ್ಲಿಯೂ ಬರಬಹುದಾದ್ದರಿಂದ ದೂರದ ಹಳ್ಳಿಯ ರೋಗಿಗಳು ಕಾಯುವ ಅವಧಿಯಲ್ಲಿ ಕೇಂದ್ರದ ಸಮೀಪವೇ ಬಾಡಿಗೆ ಮನೆ ಹಿಡಿಯಬೇಕಾಗಿ ಬರುವುದುಂಟು. ಈ ಖರ್ಚನ್ನು ಯಾರೂ ಮೊದಲೇ ಲೆಕ್ಕಹಾಕಿರುವುದಿಲ್ಲ.

ಕಸಿಯಾದ ಹೃದಯಕ್ಕೆ ನರಗಳ ಸಂಪರ್ಕ ಕಡಿದಿರುತ್ತದೆ. ಅದು ವಿಶ್ರಾಂತಿಯಲ್ಲಿಯೂ ನಿಮಿಷಕ್ಕೆ 90ರಿಂದ 110 ಬಾರಿ ಬಡಿಯುತ್ತದೆ. ಕೆಲಸ ಆರಂಭಿಸಿದಾಗ ವೇಗ ತಡವಾಗಿ ಏರುತ್ತದೆ, ನಿಲ್ಲಿಸಿದಾಗ ತಡವಾಗಿ ಇಳಿಯುತ್ತದೆ. ಹೀಗಾಗಿ ಹೊಲದಲ್ಲಿ ಒಮ್ಮೆಲೇ ಭಾರ ಎತ್ತದೆ, ಮೊದಲು ಕೆಲವು ನಿಮಿಷ ನಿಧಾನವಾಗಿ ನಡೆದಾಡಬೇಕು. ಎದೆನೋವು ಸಹ ಸಾಮಾನ್ಯವಾಗಿ ತಿಳಿಯುವುದಿಲ್ಲ. ಕಸಿ ಹೃದಯದ ರಕ್ತನಾಳಗಳು ವರ್ಷಗಳು ಕಳೆದಂತೆ ಒಳಗಿನಿಂದ ಕಿರಿದಾಗಬಲ್ಲವು. ಆಗಲೂ ನೋವಿನ ಎಚ್ಚರಿಕೆ ಸಿಗದ ಕಾರಣ ನಿಯತಕಾಲಿಕ ಆಂಜಿಯೋಗ್ರಾಂ ತಪ್ಪಿಸುವಂತಿಲ್ಲ.

ದೇಹವು ಹೊಸ ಹೃದಯವನ್ನು ಪರಕೀಯವೆಂದು ತಿಳಿದು ತಿರಸ್ಕರಿಸದಂತೆ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ಮತ್ತು ಸ್ಟೀರಾಯ್ಡ್ ಮಾತ್ರೆಗಳನ್ನು ನೀಡಲಾಗುತ್ತದೆ. ಸ್ಟೀರಾಯ್ಡನ್ನು ಕ್ರಮೇಣ ಇಳಿಸಬಹುದು, ಉಳಿದವು ಜೀವನಪರ್ಯಂತ. ತಿರಸ್ಕಾರವು ಆರಂಭದಲ್ಲಿ ಯಾವ ಲಕ್ಷಣವನ್ನೂ ತೋರಿಸದಿರಬಹುದು. ಆದುದರಿಂದ ಮೊದಲ ತಿಂಗಳು ಹೆಚ್ಚುಕಡಿಮೆ ವಾರಕ್ಕೊಮ್ಮೆ, ನಂತರ ಅಂತರ ಹೆಚ್ಚಿಸುತ್ತಾ, ಹೃದಯದ ಸ್ನಾಯುವಿನ ಸಣ್ಣ ತುಣುಕನ್ನು ತೆಗೆದು ಪರೀಕ್ಷಿಸಲಾಗುತ್ತದೆ.

ಟ್ಯಾಕ್ರೋಲಿಮಸ್ ಪ್ರಮಾಣ ರಕ್ತದಲ್ಲಿ ಹೆಚ್ಚಿದರೆ ಮೂತ್ರಪಿಂಡಕ್ಕೆ ಹಾನಿ, ಕಡಿಮೆಯಾದರೆ ತಿರಸ್ಕಾರ. ಮೊಣಕಾಲು ನೋವಿಗೆಂದು ಊರಿನಲ್ಲಿ ಹಾಕಿಸಿಕೊಳ್ಳುವ ಡೈಕ್ಲೋಫೆನಾಕ್ ಚುಚ್ಚುಮದ್ದು ಮೂತ್ರಪಿಂಡದ ಹಾನಿಯನ್ನು ಹೆಚ್ಚಿಸುತ್ತದೆ. ಕ್ಷಯದ ರಿಫಾಂಪಿಸಿನ್ ಈ ಮಾತ್ರೆಯ ಬಲವನ್ನು ಕುಗ್ಗಿಸುತ್ತದೆ, ಕೆಲವು ಪ್ರತಿಜೀವಕಗಳು ಮತ್ತು ಚಕ್ಕೋತ ಹಣ್ಣು ಹೆಚ್ಚಿಸುತ್ತವೆ. ಕೇಂದ್ರವನ್ನು ಕೇಳದೆ ಯಾವ ಔಷಧಿಯನ್ನೂ, ನಾಟಿ ಔಷಧಿಯನ್ನೂ ಸೇವಿಸಬಾರದು. ರೋಗನಿರೋಧಕ ಶಕ್ತಿ ತಗ್ಗಿರುವುದರಿಂದ ನೀರನ್ನು ಕುದಿಸಿ ಕುಡಿಯಬೇಕು. ಜ್ವರವು 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮರುದಿನಕ್ಕೆ ಕಾಯಬಾರದು.

ಜಗತ್ತಿನ ಅಂಕಿಅಂಶಗಳ ಪ್ರಕಾರ ಕಸಿಯಾದ ವಯಸ್ಕರಲ್ಲಿ ಅರ್ಧದಷ್ಟು ಜನ ಹನ್ನೆರಡು ವರ್ಷಗಳಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ಹಾರ್ಟ್‌ಮೇಟ್ 3 ಪಂಪ್ ಪಡೆದವರಲ್ಲಿ ಐದು ವರ್ಷ ದಾಟಿದವರು ಅರ್ಧಕ್ಕಿಂತ ತುಸು ಹೆಚ್ಚು. ಉದಾಹರಣೆಯ ರೈತರು ಕಸಿಯಾಗಿ ಆರು ತಿಂಗಳಾದ ಮೇಲೆ ಹೊಲಕ್ಕೆ ಹೋಗಬಹುದು, ನೀರು ಹಾಯಿಸುವುದನ್ನು ನೋಡಿಕೊಳ್ಳಬಹುದು. ಹೆಸರಿನ ರಾಶಿಯ ದೂಳು, ತಿಪ್ಪೆ ಗೊಬ್ಬರ ಮತ್ತು ಬೂಷ್ಟು ಹಿಡಿದ ಹೊಟ್ಟಿನಲ್ಲಿ ಶ್ವಾಸಕೋಶಕ್ಕೆ ಶಿಲೀಂಧ್ರ ಸೋಂಕು ತರುವ ಕಣಗಳಿರುವುದರಿಂದ ರಾಶಿಯ ದಿನಗಳಲ್ಲಿ ಕಣದಿಂದ ದೂರವಿದ್ದು, ಆ ಕೆಲಸವನ್ನು ಮನೆಯ ಇತರರಿಗೆ ಬಿಡಬೇಕಾಗುತ್ತದೆ.