ಐದು ಬೊಂಬೆಗಳಲ್ಲಿ ಒಂದಕ್ಕೆ ಬಣ್ಣ

ಕರ್ನಾಟಕದಲ್ಲಿ 20ರಿಂದ 24 ವರ್ಷದೊಳಗಿನ ಹೆಣ್ಣುಮಕ್ಕಳ ಪೈಕಿ ಶೇ. 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೊಡುವ ಲೆಕ್ಕ ಇದು. ಇಷ್ಟು ದೊಡ್ಡ ಸಂಗತಿ ಪತ್ರಿಕೆಯಲ್ಲಿ ಒಂದು ಸಾಲಾಗಿ ಬಂದರೆ ಓದಿದವರ ಮನಸ್ಸಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. 21.3 ಹೆಚ್ಚೋ ಕಡಿಮೆಯೋ ಎಂದು ತೀರ್ಮಾನಿಸುವಷ್ಟರಲ್ಲಿ ಕಣ್ಣು ಮುಂದಿನ ಸುದ್ದಿಗೆ ಹೋಗಿರುತ್ತದೆ. ಅದೇ ಜಾಗದಲ್ಲಿ ಒಂದೇ ಎತ್ತರದ, ಒಂದೇ ಆಕಾರದ ಐದು ಹೆಣ್ಣುಬೊಂಬೆಗಳನ್ನು ಸಾಲಾಗಿ ಬರೆದು ಒಂದಕ್ಕೆ ಕೆಂಪು, ಉಳಿದ ನಾಲ್ಕಕ್ಕೆ ಬೂದು ಬಣ್ಣ ಹಚ್ಚಿ ನೋಡಿ. ಲೆಕ್ಕ ಹಾಕುವ ಕೆಲಸವೇ ಇರುವುದಿಲ್ಲ. ಓದು ಬಾರದವರಿಗೂ ಐದು ಜನರಲ್ಲಿ ಒಬ್ಬಳು ಎಂಬುದು ಕಂಡ ಕೂಡಲೇ ತಿಳಿಯುತ್ತದೆ.

ಇಂಥ ಚಿತ್ರಕ್ಕೆ ಪಿಕ್ಟೋಗ್ರಾಮ್ ಅಥವಾ ಯೂನಿಟ್ ಚಾರ್ಟ್ ಎನ್ನುತ್ತಾರೆ. ಇದರ ಬಲವೆಲ್ಲ ಬಣ್ಣ ಹಚ್ಚಿದ ಬೊಂಬೆಯಲ್ಲಿದೆ ಎಂದು ಹಲವರು ತಿಳಿದಿದ್ದಾರೆ. ನನಗನ್ನಿಸುವಂತೆ ಅದು ಬಣ್ಣವಿಲ್ಲದ ನಾಲ್ಕರಲ್ಲಿದೆ. ಒಬ್ಬಳು ಯಾರ ನಡುವೆ ಒಬ್ಬಳು ಎಂಬುದನ್ನು ತೋರಿಸುವವರು ಆ ನಾಲ್ವರೇ. ಅವರನ್ನು ತೆಗೆದುಹಾಕಿದರೆ ಉಳಿಯುವುದು ಒಂದು ಹುಡುಗಿಯ ಚಿತ್ರ ಮಾತ್ರ, ಅಂಕಿಅಂಶ ಉಳಿಯುವುದಿಲ್ಲ.

ಈ ವಿಧಾನಕ್ಕೆ ನಿಯಮಗಳನ್ನು ಕಟ್ಟಿಕೊಟ್ಟದ್ದು ಆಸ್ಟ್ರಿಯಾದ ವಿಯೆನ್ನಾ ನಗರ. ಮೊದಲ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಅಧಿಕಾರಕ್ಕೆ ಬಂದ ಸಮಾಜವಾದಿ ನಗರಾಡಳಿತ ಕಾರ್ಮಿಕರಿಗೆ ಮನೆ ಕಟ್ಟಿಸುತ್ತಿತ್ತು, ಕ್ಷಯರೋಗ ಮತ್ತು ಶಿಶುಮರಣದ ವಿರುದ್ಧ ಕೆಲಸ ಮಾಡುತ್ತಿತ್ತು. ತಮ್ಮ ತೆರಿಗೆ ಹಣದಲ್ಲಿ ಏನು ನಡೆಯುತ್ತಿದೆ, ತಮ್ಮ ಊರಿನ ಸ್ಥಿತಿ ಏನು ಎಂಬುದು ಹೆಚ್ಚು ಓದಿಲ್ಲದ ಕಾರ್ಮಿಕರಿಗೂ ತಿಳಿಯಬೇಕು ಎಂದು ಹಟ ಹಿಡಿದವರು ಓಟೊ ನೊಯ್‌ರಾತ್ ಎಂಬ ತತ್ತ್ವಜ್ಞಾನಿ ಮತ್ತು ಅರ್ಥಶಾಸ್ತ್ರಜ್ಞ. 1925ರಲ್ಲಿ ಅವರ ನೇತೃತ್ವದಲ್ಲಿ ಸಮಾಜ ಮತ್ತು ಆರ್ಥಿಕತೆಯ ವಸ್ತುಸಂಗ್ರಹಾಲಯ ಆರಂಭವಾಯಿತು. ಅಲ್ಲಿ ಹಳೆಯ ಕತ್ತಿಗಳಾಗಲಿ ನಾಣ್ಯಗಳಾಗಲಿ ಇರಲಿಲ್ಲ. ಗೋಡೆಯ ತುಂಬ ಅಂಕಿಅಂಶದ ಚಿತ್ರಗಳಿದ್ದವು. ಜರ್ಮನಿಯಿಂದ ಬಂದ ಗೆರ್ಡ್ ಆರ್ನ್‌ಟ್ಸ್ ಎಂಬ ಕಲಾವಿದರು ಮನುಷ್ಯ, ಮಗು, ಹಡಗು, ಹಸುಗಳ ಗುರುತುಗಳನ್ನು ಲಿನೋಲಿಯಂ ಹಾಳೆಯಲ್ಲಿ ಕೊರೆದರು. ಕೊರೆದ ಅಚ್ಚು ಒಂದೇ ಆದ್ದರಿಂದ ಎಷ್ಟು ಸಲ ಒತ್ತಿದರೂ ಬೊಂಬೆಯ ಗಾತ್ರ ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ.

ಈ ತಂಡದಲ್ಲಿ ನನಗೆ ಬಹಳ ಮುಖ್ಯವೆನಿಸುವವರು ಮಾರೀ ರೈಡೆಮೈಸ್ಟರ್. ಮುಂದೆ ನೊಯ್‌ರಾತ್ ಅವರನ್ನು ಮದುವೆಯಾದ ಇವರೇ 1935ರಲ್ಲಿ ಈ ಪದ್ಧತಿಗೆ ಐಸೊಟೈಪ್ ಎಂದು ಹೆಸರಿಟ್ಟರು. ಅವರು ಲೆಕ್ಕಿಗರೂ ಅಲ್ಲ, ಚಿತ್ರಕಾರರೂ ಅಲ್ಲ. ಇಬ್ಬರ ನಡುವೆ ನಿಂತವರು. ತಜ್ಞರು ಕೊಟ್ಟ ಕೋಷ್ಟಕವನ್ನು ಓದಿ, ಇದರಲ್ಲಿ ಜನರಿಗೆ ಹೇಳಲೇಬೇಕಾದದ್ದು ಯಾವುದು, ಬಿಡಬಹುದಾದದ್ದು ಯಾವುದು, ಯಾವುದನ್ನು ಯಾವುದರ ಪಕ್ಕದಲ್ಲಿ ಇಡಬೇಕು ಎಂದು ಪೆನ್ಸಿಲಿನಲ್ಲಿ ಗೀಚಿ ಕಲಾವಿದರಿಗೆ ಕೊಡುವುದು ಅವರ ಕೆಲಸ. ಇಂದು ಕೆಟ್ಟದಾಗಿ ಮೂಡಿಬರುವ ಬಹುಪಾಲು ಬೊಂಬೆಚಿತ್ರಗಳಲ್ಲಿ ಕಾಣದಿರುವುದು ಈ ನಡುವಿನ ಯೋಚನೆಯೇ.

ನೊಯ್‌ರಾತ್ ತಂಡದ ಮೊದಲ ನಿಯಮ ಸರಳವಾದದ್ದು. ಪ್ರಮಾಣ ಹೆಚ್ಚಾದರೆ ಬೊಂಬೆಗಳ ಸಂಖ್ಯೆ ಹೆಚ್ಚಬೇಕು, ಬೊಂಬೆಯ ಗಾತ್ರ ಹೆಚ್ಚಬಾರದು. ಅದಕ್ಕೂ ಮುಂಚಿನ ಪುಸ್ತಕಗಳಲ್ಲಿ ಒಂದು ದೇಶದ ಸೈನ್ಯ ಇನ್ನೊಂದರ ಎರಡರಷ್ಟಿದ್ದರೆ ಎರಡು ಪಟ್ಟು ಎತ್ತರದ ಸೈನಿಕನನ್ನು ಬರೆಯುವ ರೂಢಿಯಿತ್ತು. ಅಮೆರಿಕದ ವಿಲ್ಲರ್ಡ್ ಬ್ರಿಂಟನ್ 1914ರಲ್ಲೇ ಇದನ್ನು ಆಕ್ಷೇಪಿಸಿದ್ದರು. ಕಾರಣ ಇಷ್ಟೇ: ಬೊಂಬೆ ವಿಕಾರವಾಗಬಾರದೆಂದು ಎತ್ತರದ ಜೊತೆ ಅಗಲವನ್ನೂ ಎರಡು ಪಟ್ಟು ಮಾಡಬೇಕಾಗುತ್ತದೆ. ಒಂದು ಅಂಗುಲ ಅಗಲ, ಎರಡು ಅಂಗುಲ ಎತ್ತರದ ಬೊಂಬೆ ಎರಡು ಅಂಗುಲ ಅಗಲ, ನಾಲ್ಕು ಅಂಗುಲ ಎತ್ತರ ಆದಾಗ ಕಾಗದದಲ್ಲಿ ಅದು ಆಕ್ರಮಿಸುವ ಜಾಗ ಎರಡರಿಂದ ಎಂಟು ಚದರ ಅಂಗುಲಕ್ಕೆ ಏರುತ್ತದೆ. ಸಂಖ್ಯೆ ಎರಡರಷ್ಟಾದರೆ ಚಿತ್ರ ನಾಲ್ಕರಷ್ಟಾಗುತ್ತದೆ. ನೋಡುವವರು ಎತ್ತರ ಅಳೆಯಬೇಕೋ ಮೈ ಅಳೆಯಬೇಕೋ ಎಂದು ಚಿತ್ರ ಹೇಳುವುದಿಲ್ಲ. ಇಂದಿಗೂ ಟೀವಿ ಪರದೆಯ ಮೇಲೆ ಒಂದು ದೊಡ್ಡ, ಒಂದು ಸಣ್ಣ ನೋಟಿನ ಕಟ್ಟನ್ನು ಅಕ್ಕಪಕ್ಕ ಕಂಡರೆ ಈ ಲೆಕ್ಕ ಮಾಡಿ ನೋಡಬಹುದು.

ಇನ್ನು ನಮ್ಮ ಶೇ. 21.3ಕ್ಕೆ ಬರೋಣ. ಗೆರೆ ಎಳೆಯುವ ಮೊದಲು ಕೇಳಿಕೊಳ್ಳಬೇಕಾದದ್ದು ಈ ಐದು ಬೊಂಬೆಗಳು ಯಾರು ಎಂಬುದನ್ನು. ಅವರು ಕರ್ನಾಟಕದ ಎಲ್ಲ ಹೆಂಗಸರಲ್ಲ; ಈಗ ಶಾಲೆಯಲ್ಲಿರುವ ಹುಡುಗಿಯರೂ ಅಲ್ಲ. ಸಮೀಕ್ಷೆಯ ಹೊತ್ತಿಗೆ 20ರಿಂದ 24ರ ವಯಸ್ಸಿನಲ್ಲಿದ್ದವರು. ಈ ವಯಸ್ಸನ್ನೇ ಆರಿಸಿಕೊಳ್ಳಲು ಕಾರಣವಿದೆ. ಹದಿನಾರರ ಹುಡುಗಿಯನ್ನು ಎಣಿಸಿದರೆ ಆಕೆಗೆ ಇನ್ನೂ ಮದುವೆಯಾಗಿಲ್ಲ ಎನ್ನಬಹುದೇ ಹೊರತು ಹದಿನೇಳಕ್ಕೆ ಆಗುವುದಿಲ್ಲ ಎನ್ನಲಾಗದು. ಇಪ್ಪತ್ತು ದಾಟಿದವರ ವಿಷಯದಲ್ಲಿ ಅದು ಇತ್ಯರ್ಥವಾಗಿರುತ್ತದೆ. ಹಾಗಾಗಿ ಬೊಂಬೆಗೆ ಎರಡು ಜಡೆ ಹಾಕಿ, ಬೆನ್ನಿಗೆ ಶಾಲೆಯ ಬ್ಯಾಗು ಕಟ್ಟಿದರೆ ಕರುಳು ಚುರುಕ್ ಎನ್ನಬಹುದು, ಆದರೆ ಚಿತ್ರ ತಪ್ಪಾಗುತ್ತದೆ. ಇವತ್ತು ಶಾಲೆಗೆ ಹೋಗುತ್ತಿರುವ ಐವರಲ್ಲಿ ಒಬ್ಬಳಿಗೆ ಮದುವೆಯಾಗಿದೆ ಎಂಬ ಅರ್ಥ ಬರುತ್ತದೆ. ಯುವತಿಯ ಸಾದಾ ಬೊಂಬೆ ಬರೆದು, ‘ಇಪ್ಪತ್ತರಿಂದ ಇಪ್ಪತ್ತನಾಲ್ಕು ವರ್ಷದ ಐವರಲ್ಲಿ ಒಬ್ಬರಿಗೆ ಹದಿನೆಂಟಕ್ಕೆ ಮೊದಲೇ ಮದುವೆ’ ಎಂದು ಕೆಳಗೆ ಪೂರ್ತಿಯಾಗಿ ಬರೆಯುವುದೇ ಸರಿ.

ಮುಂದಿನದು ಬೊಂಬೆಗಳು ಎಷ್ಟಿರಬೇಕು ಎಂಬುದು. 21.3 ಇಪ್ಪತ್ತಕ್ಕೆ ಹತ್ತಿರವಿರುವುದರಿಂದ ಐದರಲ್ಲಿ ಒಂದು ಎಂದರೆ ಮೋಸವಿಲ್ಲ. ಎಲ್ಲ ಸಂಖ್ಯೆಗಳೂ ಹೀಗೆ ಐದಕ್ಕೆ ಒಗ್ಗುವುದಿಲ್ಲ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದನ್ನು ಐದು ಬೊಂಬೆಯಲ್ಲಿ ತೋರಿಸಲು ಹೋದರೆ ಎರಡಕ್ಕೆ ಬಣ್ಣ ಹಚ್ಚಬೇಕು, ಅಂದರೆ 40 ಆಯಿತು. ಮೂರರಲ್ಲಿ ಒಂದು ಎಂದರೆ 33ಕ್ಕೆ ಇಳಿಯಿತು. ಒಂದೂಮುಕ್ಕಾಲು ಬೊಂಬೆಗೆ ಬಣ್ಣ ಹಚ್ಚಿದರೆ ಮಗುವನ್ನು ಸೀಳಿದಂತೆ ಕಾಣುತ್ತದೆ. ಅದನ್ನು ನೋಡಿ ಯಾರಿಗೂ ಲೆಕ್ಕ ಹೊಳೆಯುವುದಿಲ್ಲ. ಇಪ್ಪತ್ತು ಬೊಂಬೆ ಬರೆದು ಏಳಕ್ಕೆ ಬಣ್ಣ ಹಚ್ಚಿದರೆ ಸರಿಯಾಗಿ 35 ಸಿಗುತ್ತದೆ, ಎಣಿಸುವುದೂ ಸುಲಭ. ದಾರಿಯಲ್ಲಿ ಹೋಗುತ್ತ ನೋಡುವ ಪೋಸ್ಟರಿಗೆ ಐದೋ ಹತ್ತೋ ಸಾಕು. ಕೂತು ಓದುವ ಪುಟಕ್ಕೆ ಹತ್ತು ಸಾಲು, ಸಾಲಿಗೆ ಹತ್ತರಂತೆ ನೂರು ಬೊಂಬೆಗಳ ಚೌಕ ಚೆನ್ನ. ಅಲ್ಲಿ 21 ಕೆಂಪು, 79 ಬೂದು.

ಆ ನೂರರ ಚೌಕದಲ್ಲಿ ಕೆಂಪು ಬೊಂಬೆಗಳನ್ನು ಒಂದೇ ಕಡೆ ಕೂಡಿಸಬೇಕು. ಎರಡು ಪೂರ್ತಿ ಸಾಲು, ಮೂರನೆಯದರಲ್ಲಿ ಒಂದು. ಅಲ್ಲೊಂದು ಇಲ್ಲೊಂದು ಚದುರಿಸಿದರೆ ಈ ಗತಿ ಯಾರಿಗೂ ಬರಬಹುದು ಎಂಬ ಭಾವವೇನೋ ಮೂಡುತ್ತದೆ, ಆದರೆ ಎಷ್ಟು ಎಂಬುದು ಕೈತಪ್ಪುತ್ತದೆ. ಚದುರಿದ ಇಪ್ಪತ್ತೊಂದನ್ನು ಇಪ್ಪತ್ತೈದರಿಂದ ಬೇರೆ ಮಾಡಿ ಹೇಳಲು ಒಂದೊಂದಾಗಿ ಎಣಿಸಲೇಬೇಕು.

ಎರಡು ಊರು, ಎರಡು ರಾಜ್ಯಗಳನ್ನು ಹೋಲಿಸುವಾಗ ಒಟ್ಟು ಬೊಂಬೆಗಳ ಸಂಖ್ಯೆ ಎರಡೂ ಕಡೆ ಒಂದೇ ಇರಬೇಕು. ಪಶ್ಚಿಮ ಬಂಗಾಳದಲ್ಲಿ ಬಾಲ್ಯವಿವಾಹದ ಪ್ರಮಾಣ ಶೇ. 41.6. ಕರ್ನಾಟಕದ ಐದರಲ್ಲಿ ಒಂದರ ಕೆಳಗೆ ಬಂಗಾಳದ ಐದರಲ್ಲಿ ಎರಡು ಎಂದು ಬರೆದರೆ ಮಾತೇ ಬೇಕಿಲ್ಲ. ಒಂದು ಕಡೆ ಐದರಲ್ಲಿ, ಇನ್ನೊಂದು ಕಡೆ ನೂರರಲ್ಲಿ ತೋರಿಸಿದರೆ ಕೆಟ್ಟಿತು. ಮನುಷ್ಯನ ಮನಸ್ಸು ಒಟ್ಟನ್ನು ಮರೆತು ಬಣ್ಣದ ಗುಂಪನ್ನಷ್ಟೇ ನೋಡುತ್ತದೆ. ಯಮಗಿಶಿ ಎಂಬ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹತ್ತು ಸಾವಿರದಲ್ಲಿ 1,286 ಜನರನ್ನು ಕೊಲ್ಲುವ ರೋಗ, ನೂರರಲ್ಲಿ 24.14 ಜನರನ್ನು ಕೊಲ್ಲುವ ರೋಗಕ್ಕಿಂತ ಅಪಾಯಕಾರಿ ಎಂದು ಜನ ಅಂದಾಜಿಸಿದ್ದರು. ನಿಜದಲ್ಲಿ ಎರಡನೆಯದು ಸುಮಾರು ಇಮ್ಮಡಿ ಅಪಾಯದ್ದು.

ಬಣ್ಣವಿಲ್ಲದ ಬೊಂಬೆಗಳನ್ನು ಬಿಟ್ಟರೆ ಆಗುವ ಅನಾಹುತಕ್ಕೆ ಬ್ರಿಟನ್ನಿನ 1995ರ ಪ್ರಸಂಗ ಸಾಕ್ಷಿ. ಆ ವರ್ಷ ಅಕ್ಟೋಬರಿನಲ್ಲಿ ಅಲ್ಲಿನ ಔಷಧ ಸುರಕ್ಷಾ ಸಮಿತಿ, ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು ಎಚ್ಚರಿಸಿತು. ಎರಡು ಪಟ್ಟು ಎಂಬುದೇ ಸುದ್ದಿಯಾಯಿತು. ಹೆದರಿದ ಹೆಂಗಸರು ಮಾತ್ರೆ ನಿಲ್ಲಿಸಿದರು. ಬೇಡದ ಬಸಿರು ಹೆಚ್ಚಿತು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು ಎಂಬ ಅಂದಾಜಿದೆ. ಈ ಪ್ರಸಂಗವನ್ನು ಮತ್ತೆ ಮತ್ತೆ ವಿವರಿಸಿರುವ ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗರೆನ್‌ಜರ್ ಹಿಂದಿನ ಲೆಕ್ಕವನ್ನು ಬಿಡಿಸಿಟ್ಟರು: ಹಳೆಯ ಮಾತ್ರೆ ನುಂಗಿದ 7,000 ಹೆಂಗಸರಲ್ಲಿ ಒಬ್ಬರಿಗೆ ಈ ತೊಂದರೆ, ಹೊಸದನ್ನು ನುಂಗಿದ 7,000ದಲ್ಲಿ ಇಬ್ಬರಿಗೆ.

ಇದನ್ನು ಎರಡು ಹಾಳೆಗಳಲ್ಲಿ ಬರೆಯಬಹುದು. ಸಾಲಿಗೆ ನೂರು ಚುಕ್ಕಿಯಂತೆ ಎಪ್ಪತ್ತು ಸಾಲು. ಎಡಗಡೆಯ ಹಾಳೆಯಲ್ಲಿ ಒಂದು ಚುಕ್ಕಿ ಕೆಂಪು, ಬಲಗಡೆಯದರಲ್ಲಿ ಎರಡು. ಕೆಂಪು ಚುಕ್ಕಿಯನ್ನು ಹುಡುಕಲೇ ಸ್ವಲ್ಪ ಹೊತ್ತು ಬೇಕು. ಎರಡು ಪಟ್ಟು ಎಂಬ ಮಾತು ಸುಳ್ಳಾಗಿರಲಿಲ್ಲ. ಆದರೆ ಒಂದು ಮಾತ್ರೆ ಚೀಟಿಯ ಜೊತೆ ಇಂಥ ಎರಡು ಹಾಳೆಗಳು ಆ ಹೆಂಗಸರ ಕೈಗೆ ಸಿಕ್ಕಿದ್ದರೆ ನಿರ್ಧಾರ ಅವರದೇ ಆಗಿರುತ್ತಿತ್ತು, ಭಯದ್ದಲ್ಲ. ರೋಗಿಗಳಿಗೆ ಅಪಾಯ ವಿವರಿಸಲು ಈಗ ಹಲವು ದೇಶಗಳ ವೈದ್ಯರು ನೂರು ಅಥವಾ ಸಾವಿರ ಬೊಂಬೆಗಳ ಇಂಥ ಹಾಳೆಗಳನ್ನೇ ಬಳಸುತ್ತಾರೆ.

ಬೊಂಬೆಗೆ ಸಿಕ್ಕದ ಸಂಗತಿಗಳೂ ಇವೆ. ಕರ್ನಾಟಕದ ಬಾಲ್ಯವಿವಾಹದ ಪ್ರಮಾಣ 2015–16ರ ಸಮೀಕ್ಷೆಯಲ್ಲಿ ಶೇ. 21.4 ಇತ್ತು, ಮುಂದಿನದರಲ್ಲಿ 21.3. ಐದು ಬೊಂಬೆಯಲ್ಲಿ, ನೂರರಲ್ಲೂ, ಎರಡು ಚಿತ್ರಗಳು ಒಂದೇ ಥರ ಕಾಣುತ್ತವೆ. ಇಲ್ಲಿ ಅದು ಸರಿಯಾದದ್ದೇ, ಏಕೆಂದರೆ ಮಾದರಿ ಸಮೀಕ್ಷೆಯಲ್ಲಿ ದಶಮಾಂಶ ಒಂದರ ವ್ಯತ್ಯಾಸವನ್ನು ಇಳಿಕೆ ಎನ್ನಲಾಗದು. ದೇಶದ ಮಟ್ಟದಲ್ಲಿ 26.8 ಇದ್ದದ್ದು 23.3ಕ್ಕೆ ಬಂದದ್ದು ಮಾತ್ರ ನಿಜವಾದ ಇಳಿಕೆ. ನೂರರ ಚೌಕದಲ್ಲಿ 27 ಕೆಂಪು 23 ಆದದ್ದು ಹಾಗೂಹೀಗೂ ಕಾಣುತ್ತದೆ, ಐದರ ಸಾಲಿನಲ್ಲಿ ಕಾಣುವುದೇ ಇಲ್ಲ. ಇದಕ್ಕೆ ವರ್ಷವಾರು ಗೆರೆಯ ನಕ್ಷೆಯೇ ಬೇಕು. ಆ ಒಬ್ಬಳು ಯಾವ ಜಿಲ್ಲೆಯವಳು ಎಂಬುದನ್ನೂ ಬೊಂಬೆಗಳ ಸಾಲು ಹೇಳುವುದಿಲ್ಲ. ರಾಜ್ಯದ ಎಲ್ಲ ಊರುಗಳಲ್ಲೂ ಐದಕ್ಕೊಬ್ಬಳಂತೆ ಸಮನಾಗಿ ಹಂಚಿಹೋಗಿದ್ದಾಳೆ ಎಂಬ ಭ್ರಮೆ ಹುಟ್ಟಿಸುವುದು ಅದರ ದೊಡ್ಡ ಕೊರತೆ. ತಾಲ್ಲೂಕಿನ ಅಧಿಕಾರಿಗಳು ಎಲ್ಲಿಗೆ ಹೋಗಬೇಕು ಎಂದು ತಿಳಿಯಬೇಕಾದರೆ ಅದೇ ಪುಟದಲ್ಲಿ ಜಿಲ್ಲಾವಾರು ಭೂಪಟವನ್ನೂ ಅಚ್ಚು ಹಾಕಬೇಕು.