ಹೆಜ್ಜೆ ತಪ್ಪುವ ಮೋಟರ್

3ಡಿ ಪ್ರಿಂಟರಿನ ಬೆಡ್ಡನ್ನು ಹಿಂದಕ್ಕೂ ಮುಂದಕ್ಕೂ ಎಳೆಯುವ ಸ್ಟೆಪರ್ ಮೋಟರ್ ಒಂದು ಸುತ್ತನ್ನು 200 ಹೆಜ್ಜೆಗಳಾಗಿ ಒಡೆದುಕೊಂಡು ತಿರುಗುತ್ತದೆ. ಅದರ ದಂಡಕ್ಕೆ 20 ಹಲ್ಲಿನ ಪುಲ್ಲಿಯನ್ನೂ, ಹಲ್ಲಿನಿಂದ ಹಲ್ಲಿಗೆ 2 ಮಿಲಿಮೀಟರ್ ಅಂತರವಿರುವ ಬೆಲ್ಟನ್ನೂ ಜೋಡಿಸಿದಾಗ ಒಂದು ಸುತ್ತಿಗೆ 40 ಮಿ.ಮೀ., ಒಂದು ಹೆಜ್ಜೆಗೆ 0.2 ಮಿ.ಮೀ. ಚಲನೆ ದೊರೆಯುತ್ತದೆ. ಸಾಮಾನ್ಯ ಪ್ರಿಂಟರುಗಳಲ್ಲಿ ನಿಯಂತ್ರಕವು ಹೆಜ್ಜೆಗಳನ್ನು ಎಣಿಸಿ ಆಜ್ಞೆ ಕೊಡುತ್ತದೆಯೇ ಹೊರತು ಮೋಟರು ನಿಜವಾಗಿ ಅಷ್ಟು ಚಲಿಸಿತೇ ಎಂದು ನೋಡುವುದಿಲ್ಲ. ಆದ್ದರಿಂದ ಒಮ್ಮೆ ತಪ್ಪಿದ ಹೆಜ್ಜೆ ಮುದ್ರಣ ಮುಗಿಯುವವರೆಗೂ ತಪ್ಪಾಗಿಯೇ ಉಳಿಯುತ್ತದೆ.

ಮೋಟರಿನ ಸುರುಳಿಗೆ 2 ಓಮ್ ರೋಧವೂ 3 ಮಿಲಿಹೆನ್ರಿ ಇಂಡಕ್ಟನ್ಸೂ, ಅಂದರೆ ಕರೆಂಟಿನ ಏರಿಳಿತವನ್ನು ತಡೆಯುವ ಗುಣವೂ, ಇದೆಯೆಂದೂ ಅದು ತಾಳುವ ಕರೆಂಟು 1.5 ಆಂಪಿಯರ್ ಎಂದೂ ಇಟ್ಟುಕೊಳ್ಳೋಣ. ಲೆಕ್ಕಕ್ಕೆ 3 ವೋಲ್ಟ್ ಸಾಕು, ಆದರೆ ಅಷ್ಟೇ ಕೊಟ್ಟರೆ ಕರೆಂಟು ಪೂರ್ಣಮಟ್ಟದ ಹತ್ತಿರಕ್ಕೆ ಏರಲು ನಾಲ್ಕೈದು ಮಿಲಿಸೆಕೆಂಡ್ ಬೇಕಾಗಿ, ಸೆಕೆಂಡಿಗೆ ಸಾವಿರ ಹೆಜ್ಜೆಯ ವೇಗದಲ್ಲಿ ಪ್ರತಿ ಹೆಜ್ಜೆಗೆ ಸಿಗುವ ಒಂದೇ ಮಿಲಿಸೆಕೆಂಡಿನಲ್ಲಿ ಮೋಟರು ಬಲಹೀನವಾಗುತ್ತದೆ. 12 ವೋಲ್ಟ್ ಕೊಟ್ಟರೆ ಅದೇ ಕರೆಂಟು ಸುಮಾರು 0.43 ಮಿಲಿಸೆಕೆಂಡಿನಲ್ಲಿ ಏರುತ್ತದೆ, ಆದರೆ ಅಲ್ಲಿಗೆ ನಿಲ್ಲದೆ 6 ಆಂಪಿಯರಿನತ್ತ ಸಾಗಿ ಸುರುಳಿಯನ್ನು ಸುಡುತ್ತದೆ. ಈ ಇಕ್ಕಟ್ಟನ್ನು ಬಿಡಿಸುವುದೇ ಚಾಪರ್ ವಿಧಾನ: ಡ್ರೈವರ್ ಚಿಪ್ಪು ಕರೆಂಟನ್ನು ಒಂದು ಪುಟ್ಟ ರೆಸಿಸ್ಟರಿನ ಮೂಲಕ ಅಳೆಯುತ್ತಾ, ಮಿತಿ ಮುಟ್ಟಿದೊಡನೆ ಪೂರೈಕೆಯನ್ನು ಕತ್ತರಿಸಿ, ಕೆಲವು ಹತ್ತು ಮೈಕ್ರೋಸೆಕೆಂಡುಗಳ ನಂತರ ಮತ್ತೆ ಕೊಡುತ್ತದೆ. ಸೆಕೆಂಡಿಗೆ ಸಾವಿರಾರು ಬಾರಿ ನಡೆಯುವ ಈ ಕತ್ತರಿಕೆಯಿಂದಾಗಿ ಏರಿಕೆಗೆ 12 ವೋಲ್ಟಿನ ರಭಸವೂ, ಸ್ಥಿತಿಗೆ 1.5 ಆಂಪಿಯರಿನ ಕಡಿವಾಣವೂ ಒಟ್ಟಿಗೆ ಸಿಗುತ್ತವೆ.

ಆ ಕಡಿವಾಣವನ್ನು ಎಲ್ಲಿ ಬಿಗಿಯಬೇಕೆಂಬುದು ಬಳಕೆದಾರರ ಕೈಯಲ್ಲಿದೆ. ಹೆಚ್ಚು ಬಳಕೆಯಲ್ಲಿರುವ ಎ4988 ಡ್ರೈವರಿನಲ್ಲಿ ಪುಟ್ಟ ತಿರುಪನ್ನು ತಿರುಗಿಸುತ್ತಾ, ಅದಕ್ಕೂ ಗ್ರೌಂಡಿಗೂ ನಡುವಿನ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡಬೇಕು, ಸೂತ್ರ ಹೀಗಿದೆ:

```
VREF = 8 × I × RS
```

ಇಲ್ಲಿ RS ಎಂಬುದು ಚಿಪ್ಪಿನ ಪಕ್ಕದ ಅಳತೆಯ ರೆಸಿಸ್ಟರ್. ಅದರ ಮೇಲೆ R100 ಎಂದಿದ್ದರೆ 0.1 ಓಮ್, ಆಗ 0.84 ವೋಲ್ಟ್ ಇಟ್ಟರೆ ಮಿತಿ 1.05 ಆಂಪಿಯರ್. ಆದರೆ R050 ಎಂದಿರುವ ಬೋರ್ಡಿನಲ್ಲಿ ಅದೇ 0.84 ವೋಲ್ಟ್ 2.1 ಆಂಪಿಯರ್ ಆಗಿಬಿಡುತ್ತದೆ, ಆದ್ದರಿಂದ ಇನ್ನೊಬ್ಬರು ಹೇಳಿದ ಅಂಕಿಯನ್ನು ರೆಸಿಸ್ಟರ್ ನೋಡದೆ ಇಡಬಾರದು. ಚಾಲೂ ಇರುವಾಗ ಮೋಟರಿನ ತಂತಿಯನ್ನು ಕಿತ್ತರೆ ಡ್ರೈವರ್ ಸುಡಬಹುದೆಂಬುದೂ ನೆನಪಿರಬೇಕು.

ಸ್ಟೆಪರ್ ಮೋಟರು ನಿಂತಲ್ಲೇ ಹಿಡಿದುಕೊಳ್ಳಲೂ ಕರೆಂಟನ್ನು ಬೇಡುವುದರಿಂದ ಕೆಲಸವಿಲ್ಲದಾಗಲೂ ಬಿಸಿಯಾಗುತ್ತದೆ. ಶಾಖವು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ: 1.5 ಆಂಪಿಯರಿನಲ್ಲಿ ಎರಡೂ ಸುರುಳಿಗಳಿಂದ ಒಟ್ಟು 4.5 ವ್ಯಾಟ್ ಆದರೆ, 1.05 ಆಂಪಿಯರಿನಲ್ಲಿ ಕೇವಲ 2.2 ವ್ಯಾಟ್. ಹೀಗೆ ತಿರುಗಿಸುವ ಬಲ, ಅಂದರೆ ಟಾರ್ಕ್, ಶೇ. 30ರಷ್ಟು ಕುಗ್ಗಿದಾಗ ಶಾಖ ಅರ್ಧಕ್ಕಿಳಿಯುತ್ತದೆ, ಇದು ಲಾಭದ ವ್ಯಾಪಾರವೇ ಸರಿ. ಮೋಟರು ತಾನು 80 ಡಿಗ್ರಿ ಸೆಲ್ಸಿಯಸ್ ತಾಳಿಕೊಂಡರೂ, ಅದನ್ನು ಹಿಡಿದಿರುವ ಪಿಎಲ್‌ಎ ಪ್ಲಾಸ್ಟಿಕ್ಕಿನ ಆಧಾರ 60 ಡಿಗ್ರಿಯ ಸುಮಾರಿಗೇ ಮೆತ್ತಗಾಗುತ್ತದೆ.

ಹೆಜ್ಜೆ ತಪ್ಪಿತೆಂದರೆ ಮೊದಲು ಕರೆಂಟನ್ನು ಏರಿಸುವ ರೂಢಿ ವ್ಯಾಪಕವಾಗಿದೆ, ಆದರೆ ದೋಷ ಬಹಳ ಸಲ ವೇಗ ಏರಿಸುವ ರೀತಿಯಲ್ಲಿರುತ್ತದೆ. ಸುರುಳಿಗಳ ಕಾಂತಕ್ಷೇತ್ರ ಮುಂದೆ ನಡೆದರೆ ರೋಟರ್, ಅಂದರೆ ತಿರುಗುವ ಒಳಭಾಗ, ಸ್ವಲ್ಪ ಹಿಂದುಳಿದು ಹಿಂಬಾಲಿಸುತ್ತದೆ. ಒಂದು ಹೆಜ್ಜೆಯಷ್ಟು ಹಿಂದುಳಿದಾಗ ಸೆಳೆತ ಗರಿಷ್ಠ, ಎರಡು ಹೆಜ್ಜೆಗೆ ಸೊನ್ನೆ, ಅದನ್ನೂ ಮೀರಿದರೆ ರೋಟರು ನಾಲ್ಕು ಹೆಜ್ಜೆ ಹಿಂದಿನ ನೆಲೆಗೆ ಜಾರುತ್ತದೆ. ಒಂದು ಕಿಲೋ ತೂಕದ ಬೆಡ್ಡನ್ನು ನಿಂತಲ್ಲಿಂದ ಒಮ್ಮೆಲೇ ಸೆಕೆಂಡಿಗೆ 200 ಮಿ.ಮೀ. ವೇಗಕ್ಕೆ ಕರೆದರೆ, ಒಂದೇ ಹೆಜ್ಜೆ ಹಿಂದುಳಿಯುವಷ್ಟರಲ್ಲಿ ಅದು ವೇಗ ಹಿಡಿಯಲು 100 ನ್ಯೂಟನ್ ಬಲ, ಪುಲ್ಲಿಯಲ್ಲಿ ಸುಮಾರು 0.64 ನ್ಯೂಟನ್-ಮೀಟರ್ ಟಾರ್ಕ್ ಬೇಕು. ಮೋಟರಿನ ಬಳಿ ಇರುವುದು 0.4 ಮಾತ್ರ. ಅದೇ ವೇಗವನ್ನು 6.7 ಮಿ.ಮೀ. ದೂರದಲ್ಲಿ, ಸೆಕೆಂಡಿನ ಹದಿನೈದನೆಯ ಒಂದು ಭಾಗದಲ್ಲಿ, ಏರಿಸಿದರೆ ಬೇಕಾಗುವುದು 0.02ಕ್ಕಿಂತ ಕಡಿಮೆ. ಹೀಗೆ ಅಷ್ಟು ಚಿಕ್ಕ ದೂರದ ಕ್ರಮೇಣ ಏರಿಕೆಯೂ ಮೂವತ್ತು ಪಟ್ಟಿಗೂ ಹೆಚ್ಚು ಉಳಿತಾಯ ತರುತ್ತದೆ, ತಿರುಪು ತಿರುಗಿಸುವುದರಿಂದ ಅದರ ಹತ್ತಿರಕ್ಕೂ ಹೋಗಲಾಗದು. ಕರೆಂಟನ್ನು ಅತಿಯಾಗಿ ಏರಿಸಿದರೆ ಚಿಪ್ಪೇ ಕಾದು ತನ್ನ ರಕ್ಷಣೆಗಾಗಿ ಕ್ಷಣಕಾಲ ಕಡಿತಗೊಂಡು, ಮೋಟರು ಸಡಿಲಾಗಿ, ಹೆಜ್ಜೆಗಳು ಇನ್ನಷ್ಟು ತಪ್ಪುತ್ತವೆ.

ಮುದ್ರಿತ ವಸ್ತುವಿನ ಪದರಗಳು ಎಲ್ಲಿ ಪಕ್ಕಕ್ಕೆ ಸರಿದಿವೆಯೋ ಅಲ್ಲಿ ಕ್ಯಾಲಿಪರ್ ಇಟ್ಟು ಅಳೆದು ನೋಡಿದರೆ ಕಾರಣ ತಿಳಿಯುತ್ತದೆ. ಸರಿದ ದೂರ 0.8, 1.6, 2.4 ಹೀಗೆ ನಾಲ್ಕು ಹೆಜ್ಜೆಯ ಅಪವರ್ತ್ಯವಾಗಿದ್ದರೆ ಮೋಟರೇ ಜಾರಿದೆ, ಆಗ ತಿರುಪನ್ನು ಮುಟ್ಟುವ ಮೊದಲು ವೇಗೋತ್ಕರ್ಷವನ್ನು ಇಳಿಸಿ ನೋಡಬೇಕು, 2 ಮಿ.ಮೀ. ಆಗಿದ್ದರೆ ಬೆಲ್ಟು ಒಂದು ಹಲ್ಲು ಹಾರಿದೆ, ಅದನ್ನು ಬಿಗಿಗೊಳಿಸಬೇಕು.